ಪರದೆಯ ಮೇಲಿನ ಉಂಗುರದ ತ್ರಿಜ್ಯ ಎಷ್ಟು?



ಇಲೆಕ್ಟ್ರಾನುಗಳ ವಿವರ್ತನೆಯನ್ನು ಕುರಿತ ನಮ್ಮ ಭಾಷಣ ಕಾರ್ಯಕ್ರಮ ಪ್ರಸಾರವಾದ ಮೇಲೆ ಬಂದ ಪತ್ರಗಳಲ್ಲಿ ನಾಲ್ಕನ್ನು ನಾನು ಬೇರೆಯಾಗಿ ತೆಗೆದಿಟ್ಟುಕೊಂಡಿದ್ದೇನೆ. ಅವು ಬಂದದ್ದು ಹಾನಗಲ್ಲು, ಶಿಗ್ಗಾವಿ, ಸವಣೂರು ಮತ್ತು ಹಿರೇಕೆರೂರಿನಿಂದ. ಮೂರು ಪತ್ರಗಳಲ್ಲಿ ಪ್ರಶ್ನೆಗಳಿವೆ. ಹಿರೇಕೆರೂರಿನ ಪಿಯುಸಿ ವಿದ್ಯಾರ್ಥಿನಿಯ ಪತ್ರದಲ್ಲಿ ಇರುವುದು ಪ್ರಶ್ನೆಯಲ್ಲ, ತಪ್ಪಿನ ಪತ್ತೆ. ತಪ್ಪು ನನ್ನದೇ. ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ಕಾರ್ಯಕ್ರಮಕ್ಕಾಗಿ ನಾವು ಒಂದು ಕಾಲೇಜಿನ ಪ್ರಯೋಗಶಾಲೆಯಲ್ಲಿ ಇಲೆಕ್ಟ್ರಾನ್ ವಿವರ್ತನೆಯ ಕೊಳವೆಯನ್ನು ಚಿತ್ರೀಕರಿಸಿದ್ದೆವು. ಇದು ಗಾಳಿ ತೆಗೆದ ಒಂದು ಗಾಜಿನ ಬುರುಡೆ. ಒಂದು ಬದಿಯಲ್ಲಿ ಬಿಸಿ ತಂತಿಯಿಂದ ಹೊರಟ ಇಲೆಕ್ಟ್ರಾನುಗಳು 5000 ವೋಲ್ಟಿನ ಸೆಳೆತಕ್ಕೆ ಸಿಕ್ಕಿ ವೇಗ ಪಡೆಯುತ್ತವೆ, ಗ್ರಾಫೈಟಿನ ಅತಿ ತೆಳುವಾದ ಪೊರೆಯೊಂದನ್ನು ತೂರುತ್ತವೆ, 13.5 ಸೆಂಟಿಮೀಟರು ಮುಂದಕ್ಕೆ ಸಾಗಿ ಎದುರು ಗಾಜಿಗೆ ಬಳಿದ ಹೊಳೆಯುವ ಲೇಪಕ್ಕೆ ಬಡಿಯುತ್ತವೆ. ಕತ್ತಲು ಮಾಡಿ ನೋಡಿದರೆ ನಡುವೆ ಒಂದು ಪ್ರಖರ ಚುಕ್ಕೆ, ಅದರ ಸುತ್ತ ಎರಡು ಹಸಿರು ಉಂಗುರ. ಗಾಜಿಗೆ ತಾಗಿಸಿ ಹಿಡಿದ ಅಳತೆಪಟ್ಟಿಯೂ ದೃಶ್ಯದಲ್ಲಿತ್ತು. ಅದರ ಬೆನ್ನಿಗೇ ಬಂದ ನಮ್ಮ ರೇಖಾಚಿತ್ರದಲ್ಲಿ ಮಾತ್ರ ಒಳ ಉಂಗುರದ ತ್ರಿಜ್ಯ 5.5 ಮಿಲಿಮೀಟರು ಎಂದು ಬರೆದಿತ್ತು. "ಸರ್, ದೃಶ್ಯವನ್ನು ನಿಲ್ಲಿಸಿ ಪಟ್ಟಿಯ ಗೆರೆಗಳನ್ನು ಎಣಿಸಿದೆ. ತ್ರಿಜ್ಯ 11 ಮಿಲಿಮೀಟರು ಇದೆ. ನಿಮ್ಮ ಲೆಕ್ಕ ಸರಿಯಾಗಿ ಅರ್ಧ ಏಕೆ ಆಯಿತು?" ಎಂದು ಆಕೆ ಕೇಳಿದ್ದಾಳೆ.

ಸರಿಯಾಗಿ ಅರ್ಧ. ಅಳತೆಯ ದೋಷ ಹೀಗೆ ಬರುವುದಿಲ್ಲ. ಅದು ಐದಾರು ಶೇಕಡಾ ಅತ್ತಿತ್ತ ಹೋಗುತ್ತದೆ. ಉತ್ತರ ಅರ್ಧವಾಯಿತೆಂದರೆ ಎಲ್ಲೋ ಒಂದು ಕಡೆ 2 ಎಂಬ ಸಂಖ್ಯೆ ಬಿದ್ದುಹೋಗಿದೆ ಎಂದೇ ಅರ್ಥ. ಅದು ಎಲ್ಲಿ ಬಿತ್ತು ಎಂದು ಹುಡುಕಬೇಕಾದರೆ ಈ ಉಂಗುರಗಳನ್ನು ಮೊದಲು ಕಂಡವರ ಕಾಲಕ್ಕೆ ಸ್ವಲ್ಪ ಹೋಗಿಬರಬೇಕು.

1897ರಲ್ಲಿ ಕೇಂಬ್ರಿಜ್‌ನ ಜೆ. ಜೆ. ಥಾಮ್ಸನ್ ಕ್ಯಾಥೋಡ್ ಕಿರಣಗಳು ಋಣ ವಿದ್ಯುತ್ತನ್ನು ಹೊತ್ತ ಪುಟ್ಟ ಕಣಗಳ ಪ್ರವಾಹ ಎಂದು ತೋರಿಸಿದರು. ಆ ಕಣಗಳಿಗೇ ಇಲೆಕ್ಟ್ರಾನು ಎಂಬ ಹೆಸರು ನಿಂತಿತು. ಆಗ ಅವರ ಮಗ ಜಾರ್ಜ್‌ಗೆ ಐದು ವರ್ಷ. 1924ರಲ್ಲಿ ಪ್ಯಾರಿಸ್ಸಿನಲ್ಲಿ ಲೂಯಿ ಡಿ ಬ್ರಾಯ್ (ನಿಮ್ಮ ಪುಸ್ತಕಗಳಲ್ಲಿ ಡಿ ಬ್ರಾಗ್ಲಿ ಎಂದಿರಬಹುದು, ವ್ಯಕ್ತಿ ಒಬ್ಬರೇ) ತಮ್ಮ ಡಾಕ್ಟರೇಟ್ ಪ್ರಬಂಧದಲ್ಲಿ ಒಂದು ವಿಚಿತ್ರ ಮಾತನ್ನು ಮುಂದಿಟ್ಟರು. ಚಲಿಸುವ ಪ್ರತಿಯೊಂದು ಕಣದೊಂದಿಗೂ ಒಂದು ತರಂಗವಿದೆ; ಪ್ಲಾಂಕ್ ಸ್ಥಿರಾಂಕ h ಅನ್ನು ಕಣದ ಸಂವೇಗ p ಯಿಂದ ಭಾಗಿಸಿದರೆ ಆ ತರಂಗದ ಉದ್ದ ಬರುತ್ತದೆ ಎಂಬುದೇ ಆ ಮಾತು. ಇದನ್ನು ಪರೀಕ್ಷಿಸಿದವರಲ್ಲಿ ಒಬ್ಬರು ಅದೇ ಜಾರ್ಜ್ ಪ್ಯಾಜೆಟ್ ಥಾಮ್ಸನ್. ಆಗ ಅವರು ಸ್ಕಾಟ್ಲೆಂಡಿನ ಅಬರ್ಡೀನ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರು. ಇಲೆಕ್ಟ್ರಾನು ಕಣವೆಂದು ತೋರಿಸಿದವರು ತಂದೆ, ಅದು ತರಂಗದಂತೆಯೂ ನಡೆಯುತ್ತದೆಂದು ತೋರಿಸಿದವರು ಮಗ. ಇದನ್ನು ಕಾಣಲು ತಂದೆಯೂ ಬದುಕಿದ್ದರು.

ಈ ಕೆಲಸಕ್ಕೆ ಹೊಸ ಉಪಕರಣವನ್ನೇನೂ ಕಟ್ಟಬೇಕಾಗಿರಲಿಲ್ಲ. ಧನ ಕಿರಣಗಳ ಚದುರುವಿಕೆಯನ್ನು ನೋಡಲು ಮಾಡಿಟ್ಟುಕೊಂಡ ಸಲಕರಣೆ ಥಾಮ್ಸನ್‌ರ ಬಳಿ ಇತ್ತು. ವಿದ್ಯುತ್ತಿನ ದಿಕ್ಕನ್ನು ತಿರುಗಿಸಿದರೆ ಅದರಲ್ಲೇ ಇಲೆಕ್ಟ್ರಾನುಗಳು ಹರಿಯುತ್ತಿದ್ದವು. ಅಲೆಕ್ಸಾಂಡರ್ ರೀಡ್ ಎಂಬ ತರುಣ ವಿದ್ಯಾರ್ಥಿ ಜೊತೆಗಿದ್ದರು. ಮೊದಲು ಸೆಲ್ಯುಲಾಯ್ಡಿನ ತೆಳು ಪೊರೆಯ ಮೂಲಕ ಇಲೆಕ್ಟ್ರಾನುಗಳನ್ನು ಹಾಯಿಸಿದಾಗ ಛಾಯಾಫಲಕದ ಮೇಲೆ ಮಸುಕಾದ ಬಳೆಗಳು ಮೂಡಿದವು. 1927ರಲ್ಲಿ ಇಬ್ಬರೂ ಸೇರಿ ಅದನ್ನು ಪ್ರಕಟಿಸಿದರು. ಮರುವರ್ಷವೇ ರೀಡ್ ಅಪಘಾತದಲ್ಲಿ ತೀರಿಕೊಂಡರು. ಥಾಮ್ಸನ್ ಮುಂದೆ ಚಿನ್ನ, ಅಲ್ಯೂಮಿನಿಯಂ, ಪ್ಲಾಟಿನಂಗಳ ತೆಳು ಪೊರೆಗಳನ್ನು ಹಿಡಿದರು. ಲೋಹವೇ ಏಕೆ? ಸೆಲ್ಯುಲಾಯ್ಡಿನೊಳಗೆ ಪರಮಾಣುಗಳು ಹೇಗೆ ಕುಳಿತಿವೆಯೆಂದು ಯಾರಿಗೂ ಸ್ಪಷ್ಟವಾಗಿ ಗೊತ್ತಿರಲಿಲ್ಲ. ಚಿನ್ನದೊಳಗೆ ಅವು ಎಷ್ಟೆಷ್ಟು ದೂರದಲ್ಲಿವೆ ಎಂಬುದನ್ನಾದರೋ ಕ್ಷ-ಕಿರಣಗಳ ನೆರವಿನಿಂದ ಆಗಲೇ ಅಳೆದಾಗಿತ್ತು. ಅಂತರ ಮೊದಲೇ ಗೊತ್ತಿದ್ದರೆ ಉಂಗುರ ಎಷ್ಟು ದೊಡ್ಡದಿರಬೇಕೆಂದು ಕಾಗದದ ಮೇಲೆ ಲೆಕ್ಕ ಹಾಕಿಟ್ಟು, ಆಮೇಲೆ ಫಲಕವನ್ನು ಅಳೆಯಬಹುದು. ಡಿ ಬ್ರಾಯ್ ಹೇಳಿದ್ದು ಸುಳ್ಳಾದರೆ ಅಲ್ಲೇ ಸಿಕ್ಕಿಬೀಳುತ್ತದೆ.

ಇಷ್ಟೆಲ್ಲ ತೊಂದರೆ ಏಕೆ, ಒಂದು ಸಣ್ಣ ಸೀಳು ಸಾಲದೇ ಎಂದು ಕೇಳುವಿರಿ. ಹಾನಗಲ್ಲಿನವರು ಆನೆಕೆರೆಯ ದಡದಲ್ಲಿ ಇದಕ್ಕೆ ಉತ್ತರ ಕಾಣಬಹುದು. ಅಲೆ ಎರಡು ಕಲ್ಲುಗಳ ನಡುವಿನ ಸಂದಿಯಿಂದ ನುಸುಳುವಾಗ, ಸಂದಿಯು ಅಲೆಯ ಉದ್ದಕ್ಕೆ ಸರಿಸುಮಾರಾಗಿದ್ದರೆ ಆಚೆಗೆ ಬೀಸಣಿಗೆಯಂತೆ ಹರಡುತ್ತದೆ. ಸಂದಿ ಅಲೆಗಿಂತ ಬಹಳ ಅಗಲವಾಗಿದ್ದರೆ ನೇರವಾಗಿ ಸಾಗಿಬಿಡುತ್ತದೆ. ಹಾಗಾದರೆ ಇಲೆಕ್ಟ್ರಾನಿನ ಅಲೆ ಎಷ್ಟು ಉದ್ದ? ಅದನ್ನೇ ಈಗ ಲೆಕ್ಕ ಹಾಕೋಣ. ಪೆನ್ಸಿಲು ಹಿಡಿದುಕೊಳ್ಳಿ.

ಇಲೆಕ್ಟ್ರಾನಿನ ವಿದ್ಯುದಂಶ e, ದ್ರವ್ಯರಾಶಿ m. V ವೋಲ್ಟಿನ ಅಂತರವನ್ನು ದಾಟಿದಾಗ ಅದಕ್ಕೆ ಸಿಗುವ ಚಲನಶಕ್ತಿ eV. ಚಲನಶಕ್ತಿಯನ್ನು ಸಂವೇಗದಲ್ಲಿ ಬರೆದರೆ p²/2m. ಎರಡನ್ನೂ ಸಮ ಮಾಡಿದರೆ p = √(2meV). ಇದನ್ನು ಡಿ ಬ್ರಾಯ್ ಸೂತ್ರದಲ್ಲಿ ಇಟ್ಟರೆ

λ = h / √(2meV)

h, m, e ಮೂರೂ ಬದಲಾಗದ ಸಂಖ್ಯೆಗಳು. ಅವುಗಳ ಬೆಲೆಯನ್ನು ಒಮ್ಮೆ ಹಾಕಿ ಮುಗಿಸಿದರೆ, ತರಂಗದೂರ ನ್ಯಾನೊಮೀಟರಿನಲ್ಲಿ ಬರುವಂತೆ, ಸೂತ್ರ ಇಷ್ಟು ಪುಟ್ಟದಾಗುತ್ತದೆ:

λ = 1.227 / √V

ನಮ್ಮ ಕೊಳವೆಯಲ್ಲಿ V ಎಂದರೆ 5000. ಅದರ ವರ್ಗಮೂಲ 70.7. ಭಾಗಿಸಿದರೆ λ = 0.01735 ನ್ಯಾನೊಮೀಟರು. ಪರಮಾಣುವಿನ ಅಗಲವೇ ಇದರ ಹತ್ತು ಪಟ್ಟಿಗಿಂತ ಹೆಚ್ಚು. ಇಷ್ಟು ಕಿರಿದಾದ ಅಲೆಯನ್ನು ಕಣ್ಣಿಗೆ ಕಾಣುವಷ್ಟು ಹರಡಿಸುವ ಸೀಳನ್ನು 1927ರಲ್ಲಿ ಯಾರೂ ಕೊರೆಯಬಲ್ಲವರಾಗಿರಲಿಲ್ಲ. ಹರಳಿನೊಳಗೆ ಪರಮಾಣುಗಳು ತಾವಾಗಿಯೇ ಸಾಲುಗಟ್ಟಿ ನಿಂತಿವೆಯಲ್ಲ, ಆ ಸಾಲುಗಳೇ ಇಲ್ಲಿ ಸೀಳಿನ ಕೆಲಸ ಮಾಡುತ್ತವೆ.

ಈ ಪುಟ್ಟ ಸೂತ್ರಕ್ಕೂ ಒಂದು ಮಿತಿ ಇದೆ. 5000 ವೋಲ್ಟಿನಲ್ಲಿ ಇಲೆಕ್ಟ್ರಾನು ಬೆಳಕಿನ ವೇಗದ ಶೇಕಡಾ 14ರಷ್ಟು ವೇಗದಲ್ಲಿ ಓಡುತ್ತದೆ. ಐನ್‌ಸ್ಟೈನರ ಸಾಪೇಕ್ಷತೆಯನ್ನು ಲೆಕ್ಕಕ್ಕೆ ತೆಗೆದುಕೊಂಡರೆ ತರಂಗದೂರ ಶೇಕಡಾ ಕಾಲು ಭಾಗದಷ್ಟು ಕಡಿಮೆಯಾಗುತ್ತದೆ. ಅಳತೆಪಟ್ಟಿ ಅದನ್ನು ಗುರುತಿಸಲಾರದು, ಬಿಟ್ಟುಬಿಡಬಹುದು. 30,000 ವೋಲ್ಟಿಗೆ ಈ ಕೊರತೆ ಸುಮಾರು ಒಂದೂವರೆ ಶೇಕಡಾ ಆಗುತ್ತದೆ, ಲಕ್ಷ ವೋಲ್ಟಿಗೆ ಐದು ಶೇಕಡಾದ ಹತ್ತಿರ ಬರುತ್ತದೆ. ಅಲ್ಲಿ ಬಿಡುವಂತಿಲ್ಲ.

ಇನ್ನು ನಾನು ಎಡವಿದ ಜಾಗ. ಹರಳಿನಲ್ಲಿ ಪರಮಾಣುಗಳ ಸಾಲುಗಳು d ಅಂತರದಲ್ಲಿ ಒಂದರ ಹಿಂದೊಂದು ನಿಂತಿವೆ. ಅಲೆಯು ಆ ಸಾಲುಗಳಿಗೆ θ ಕೋನದಲ್ಲಿ ಬಂದು ಬಿದ್ದರೆ, ಪ್ರತಿ ಸಾಲಿನಿಂದಲೂ ಸ್ವಲ್ಪ ಸ್ವಲ್ಪ ಮರಳುತ್ತದೆ. ಈ ಮರಳಿದ ಅಲೆಗಳೆಲ್ಲ ಏರಿಗೆ ಏರು, ಇಳಿತಕ್ಕೆ ಇಳಿತ ಕೂಡಿಬಂದರೆ ಮಾತ್ರ ಆ ದಿಕ್ಕಿನಲ್ಲಿ ಬೆಳಕು ಕಾಣುತ್ತದೆ. ಕೂಡಿಬರುವ ಷರತ್ತನ್ನು ಬ್ರಾಗ್ ತಂದೆ ಮಕ್ಕಳು ಕ್ಷ-ಕಿರಣಗಳಿಗಾಗಿ ಮೊದಲೇ ಬರೆದಿಟ್ಟಿದ್ದರು: 2d sinθ = λ. ನಾನು ಈ ಸೂತ್ರದಿಂದ θ ತೆಗೆದೆ, 2.33 ಡಿಗ್ರಿ ಬಂತು. ಅದರ ಸ್ಪರ್ಶಕವನ್ನು 13.5 ಸೆಂಟಿಮೀಟರಿಗೆ ಗುಣಿಸಿದೆ. 5.5 ಮಿಲಿಮೀಟರು ಬಂತು. ಸಂತೋಷದಿಂದ ರೇಖಾಚಿತ್ರಕ್ಕೆ ಕಳಿಸಿಬಿಟ್ಟೆ.

ತಪ್ಪು ಎಲ್ಲಾಯಿತೆಂದು ತಿಳಿಯಲು ಬಿಸಿಲಿನಲ್ಲಿ ಒಂದು ಕನ್ನಡಿ ಚೂರನ್ನು ಹಿಡಿದು ಎದುರು ಗೋಡೆಯ ಮೇಲೆ ಬೆಳಕು ಬಿಡಿ. ಕನ್ನಡಿಯನ್ನು ಐದು ಡಿಗ್ರಿ ತಿರುಗಿಸಿದರೆ ಗೋಡೆಯ ಬೆಳಕು ಹತ್ತು ಡಿಗ್ರಿ ಸರಿಯುತ್ತದೆ. ಪರಮಾಣುಗಳ ಸಾಲೂ ಕನ್ನಡಿಯಂತೆಯೇ. θ ಎಂಬುದು ಅಲೆಗೂ ಸಾಲಿಗೂ ನಡುವಿನ ಕೋನ. ಅಲೆ ತನ್ನ ಮೊದಲಿನ ನೇರ ದಾರಿಯಿಂದ ಸರಿಯುವುದು ಅದರ ಎರಡು ಪಟ್ಟು, 2θ. ಪರದೆಯ ಮೇಲಿನ ಉಂಗುರಕ್ಕೆ ಬೇಕಾದದ್ದು ಈ 2θ. ಬಿದ್ದುಹೋದ 2 ಇದೇ. ಕೋನಗಳು ಚಿಕ್ಕವಾಗಿರುವುದರಿಂದ ಸೈನು, ಸ್ಪರ್ಶಕಗಳ ಗೊಡವೆ ಬಿಟ್ಟು ಎಲ್ಲವನ್ನೂ ಹೀಗೆ ಕೂಡಿಸಿ ಬರೆಯಬಹುದು:

r = Lλ / d

L ಎಂದರೆ ಪೊರೆಯಿಂದ ಪರದೆಗಿರುವ ದೂರ. ಗ್ರಾಫೈಟಿನಲ್ಲಿ ಒಳ ಉಂಗುರಕ್ಕೆ ಕಾರಣವಾದ ಅಂತರ d = 0.213 ನ್ಯಾನೊಮೀಟರು. 135 ಮಿಲಿಮೀಟರನ್ನು 0.01735ರಿಂದ ಗುಣಿಸಿ 0.213ರಿಂದ ಭಾಗಿಸಿ. ತ್ರಿಜ್ಯ 11.0 ಮಿಲಿಮೀಟರು. ಹಿರೇಕೆರೂರಿನ ಎಣಿಕೆ ಸರಿಯಾಗಿಯೇ ಇದೆ.

ಉಂಗುರವೇ ಏಕೆ, ಎರಡು ಚುಕ್ಕೆ ಏಕಲ್ಲ? ಪೊರೆಯೊಳಗೆ ಇರುವುದು ಒಂದು ಹರಳಲ್ಲ, ಲೆಕ್ಕವಿಲ್ಲದಷ್ಟು ಪುಟ್ಟ ಹರಳುಗಳು, ಒಂದೊಂದೂ ಒಂದೊಂದು ಕಡೆಗೆ ತಿರುಗಿಕೊಂಡಿವೆ. ಅವುಗಳಲ್ಲಿ ಸರಿಯಾದ θ ಕೋನಕ್ಕೆ ನಿಂತವು ಮಾತ್ರ ಅಲೆಯನ್ನು ಎಸೆಯುತ್ತವೆ. ಅಂಥವು ನೇರ ದಾರಿಯ ಸುತ್ತ ಎಲ್ಲ ಕಡೆಯಲ್ಲೂ ಇರುವುದರಿಂದ ಎಸೆದ ಅಲೆಗಳೆಲ್ಲ ಸೇರಿ ಒಂದು ಶಂಕುವಾಗುತ್ತದೆ, ಶಂಕು ಪರದೆಗೆ ತಾಗಿದಲ್ಲಿ ಉಂಗುರವಾಗುತ್ತದೆ. ಒಂದೇ ಹರಳನ್ನು ಇಟ್ಟರೆ ಉಂಗುರ ಒಡೆದು ಚುಕ್ಕೆಗಳಾಗುತ್ತದೆ. ಆ ಚುಕ್ಕೆಗಳಿಗೂ ಇದೇ ಸೂತ್ರ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1985ರಲ್ಲಿ ಎಸ್. ರಂಗನಾಥನ್, ಕಾಮನಿಯೊ ಚಟ್ಟೋಪಾಧ್ಯಾಯ ಮತ್ತು ಸಂಗಡಿಗರು ಅಲ್ಯೂಮಿನಿಯಂ-ಮ್ಯಾಂಗನೀಸ್ ಮಿಶ್ರಲೋಹವನ್ನು ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಚುಕ್ಕೆಗಳು ಹತ್ತು ದಿಕ್ಕಿಗೆ ಸಮನಾಗಿ ಹರಡಿದ್ದವು. ಸಾಮಾನ್ಯ ಹರಳಿನಲ್ಲಿ ಹತ್ತರ ಸಮತೆಗೆ ಎಡೆಯೇ ಇಲ್ಲ. ಹರಳಿನ ವ್ಯಾಖ್ಯೆಯನ್ನೇ ತಿದ್ದಬೇಕಾಗಿ ಬಂದ ಹೊಸ ಘನವಸ್ತುಗಳ ಗುಂಪಿಗೆ ಇದೂ ಸೇರಿತು. ಅದರದ್ದೇ ಒಂದು ದೊಡ್ಡ ಕತೆ, ಮತ್ತೊಮ್ಮೆ ಹೇಳುತ್ತೇನೆ.

ಈಗ ಸವಣೂರಿನ ಪತ್ರ. ಬಿಎಸ್ಸಿ ಓದುವ ಈ ಹುಡುಗ ನನ್ನ ತಪ್ಪನ್ನು ಮಾಡಿಲ್ಲ, 2θ ಸರಿಯಾಗಿ ಹಿಡಿದಿದ್ದಾನೆ. ಆದರೂ ಅವನಿಗೆ ಬಂದ ತ್ರಿಜ್ಯ 7 ಮಿಲಿಮೀಟರು. ಅವನು ಪುಸ್ತಕದಲ್ಲಿ ಗ್ರಾಫೈಟಿನ ಪದರಗಳ ಅಂತರ 0.335 ನ್ಯಾನೊಮೀಟರು ಎಂದು ನೋಡಿ ಅದನ್ನೇ d ಎಂದು ಹಾಕಿದ್ದಾನೆ. ಪುಸ್ತಕದ ಸಂಖ್ಯೆ ಸರಿ, ಹಾಕಿದ ಜಾಗ ತಪ್ಪು. ಗ್ರಾಫೈಟು ವೀಳ್ಯದ ಕಟ್ಟಿನಂತೆ ಹಾಳೆ ಹಾಳೆಯಾಗಿ ಇರುವ ವಸ್ತು. (ಸವಣೂರಿನವರಿಗೆ ವೀಳ್ಯದೆಲೆಯ ಕಟ್ಟನ್ನು ನಾನು ವಿವರಿಸಬೇಕಾಗಿಲ್ಲ.) ಎರಡು ಎಲೆಗಳ ನಡುವಿನ ಅಂತರವೇ ಆ 0.335. ಪೊರೆಯ ಮೇಲೆ ಗ್ರಾಫೈಟಿನ ಚೂರುಗಳು ಎಲೆಯನ್ನು ನೆಲಕ್ಕೆ ಹಾಸಿದಂತೆ ಚಪ್ಪಟೆಯಾಗಿ ಮಲಗಿವೆ, ಇಲೆಕ್ಟ್ರಾನು ನೇರ ಮೇಲಿನಿಂದ ಅವನ್ನು ತೂರಿಹೋಗುತ್ತದೆ. ಬ್ರಾಗ್ ಷರತ್ತಿಗೆ ಬೇಕಾದುದು ಅಲೆಯ ದಾರಿಗೆ ಹೆಚ್ಚುಕಡಿಮೆ ಸಮಾಂತರವಾಗಿ, ಒಂದೆರಡು ಡಿಗ್ರಿಯಷ್ಟೇ ಓರೆಯಾಗಿ ನಿಂತ ಸಾಲು. ಅಡ್ಡಡ್ಡ ಹಾಸಿದ ಎಲೆಗಳು ಆ ಕೆಲಸಕ್ಕೆ ಬರುವುದಿಲ್ಲ. ಹಾಗಾಗಿ 7 ಮಿಲಿಮೀಟರಿನಲ್ಲಿ ಪರದೆಯ ಮೇಲೆ ಏನೂ ಇಲ್ಲ.

ಕೆಲಸ ಮಾಡುವುದು ಒಂದೊಂದು ಎಲೆಯೊಳಗಿನ ಸಾಲುಗಳು. ಅಲ್ಲಿ ಇಂಗಾಲದ ಪರಮಾಣುಗಳು ಜೇನುಹುಟ್ಟಿನ ಷಟ್ಕೋನಗಳಂತೆ ಕುಳಿತಿವೆ. ಷಟ್ಕೋನದ ಬಲೆಯನ್ನು ಕಾಗದದ ಮೇಲೆ ಬರೆದು, ಬೇರೆ ಬೇರೆ ದಿಕ್ಕಿನಿಂದ ಓರೆಗಣ್ಣಿನಲ್ಲಿ ನೋಡಿ. ಒಂದು ದಿಕ್ಕಿನಲ್ಲಿ ಸಾಲುಗಳು 0.213 ನ್ಯಾನೊಮೀಟರು ದೂರದಲ್ಲಿ, ಇನ್ನೊಂದು ದಿಕ್ಕಿನಲ್ಲಿ 0.123 ನ್ಯಾನೊಮೀಟರು ದೂರದಲ್ಲಿ ಕಾಣುತ್ತವೆ. ಎರಡು ಅಂತರ, ಎರಡು ಉಂಗುರ. ಕಿರಿದಾದ ಅಂತರ ದೊಡ್ಡ ಉಂಗುರವನ್ನು ಕೊಡುತ್ತದೆ: 135 × 0.01735 / 0.123, ಅಂದರೆ 19.0 ಮಿಲಿಮೀಟರು.

ಇಲ್ಲಿ ಒಂದು ಒಳ್ಳೆಯ ಪರೀಕ್ಷೆ ಅಡಗಿದೆ. 19.0ನ್ನು 11.0ರಿಂದ ಭಾಗಿಸಿ. 1.73 ಬರುತ್ತದೆ, ಅದು 3ರ ವರ್ಗಮೂಲ. ಷಟ್ಕೋನದ ರೇಖಾಗಣಿತದಿಂದ ಬಂದ ಈ ಅನುಪಾತಕ್ಕೆ ವೋಲ್ಟೇಜಾಗಲಿ, ಪರದೆಯ ದೂರವಾಗಲಿ ಸಂಬಂಧಿಸಿಲ್ಲ. ನೀವು ಅಳೆದ ಎರಡು ಉಂಗುರಗಳ ಅನುಪಾತ 1.73ರ ಹತ್ತಿರ ಇದ್ದು ಎರಡೂ ತ್ರಿಜ್ಯಗಳು ಒಂದೇ ಪ್ರಮಾಣದಲ್ಲಿ ತಪ್ಪಾಗಿದ್ದರೆ, ದೋಷವಿರುವುದು L ಅಥವಾ V ಯಲ್ಲಿ, ಇಲ್ಲವೇ ನನ್ನ ಹಾಗೆ 2 ಬಿಟ್ಟದ್ದರಲ್ಲಿ. ಅನುಪಾತವೇ ತಪ್ಪಿದರೆ ಯಾವುದೋ ಉಂಗುರವನ್ನು ತಪ್ಪಾಗಿ ಅಳೆದಿದ್ದೀರಿ.

ಅಳೆಯುವಾಗ ಉಂಗುರ ತೆಳು ಗೆರೆಯಂತೆ ಸಿಗುವುದಿಲ್ಲ, ಒಂದೆರಡು ಮಿಲಿಮೀಟರು ಅಗಲದ ಪಟ್ಟೆಯಾಗಿ ಹರಡಿರುತ್ತದೆ. ಒಳ ಅಂಚು, ಹೊರ ಅಂಚು ಎರಡರಲ್ಲೂ ವ್ಯಾಸ ಅಳೆದು ಸರಾಸರಿ ಹಿಡಿಯಬೇಕು. ಬುರುಡೆಯ ಗಾಜು ದುಂಡಗಿರುವುದರಿಂದ ಹೊರ ಉಂಗುರವು ಸಪಾಟು ಪರದೆಯ ಲೆಕ್ಕಕ್ಕಿಂತ ಶೇಕಡಾ ಎರಡರಷ್ಟು ಚಿಕ್ಕದಾಗಿ ಕಾಣುವುದೂ ಉಂಟು.

ಶಿಗ್ಗಾವಿಯ ಅಧ್ಯಾಪಕರೊಬ್ಬರು ಬರೆದ ಪ್ರಶ್ನೆಯನ್ನು ಓದಿದಾಗ ನನಗೆ ಬಹಳ ಖುಷಿಯಾಯಿತು. ಅಬರ್ಡೀನಿನಲ್ಲೂ ಎದ್ದಿದ್ದ ಸಂಶಯವೇ ಅದು. ವೇಗದ ಇಲೆಕ್ಟ್ರಾನುಗಳು ಏನನ್ನಾದರೂ ಬಡಿದರೆ ಕ್ಷ-ಕಿರಣಗಳು ಹುಟ್ಟುತ್ತವೆ. ಲೋಹದ ಪುಡಿಯನ್ನು ಹಾಯ್ದ ಕ್ಷ-ಕಿರಣಗಳೂ ಇಂಥವೇ ಉಂಗುರಗಳನ್ನು ಮೂಡಿಸುತ್ತವೆ. ಹಾಗಿರುವಾಗ ಉಂಗುರ ಬರೆದದ್ದು ಇಲೆಕ್ಟ್ರಾನೇ ಎಂದು ಹೇಗೆ ನಂಬುವುದು?

ಥಾಮ್ಸನ್ ಒಂದು ಅಯಸ್ಕಾಂತದಿಂದ ಇದನ್ನು ತೀರ್ಮಾನಿಸಿದರು. ಪೊರೆಯನ್ನು ದಾಟಿ ಬಂದ ಕಿರಣಗಳ ದಾರಿಯಲ್ಲಿ ಕಾಂತಕ್ಷೇತ್ರವನ್ನು ಹೂಡಿದರು. ಕ್ಷ-ಕಿರಣಕ್ಕೆ ವಿದ್ಯುದಂಶವಿಲ್ಲ, ಅಯಸ್ಕಾಂತ ಅದನ್ನು ಅಲುಗಿಸಲಾರದು. ಆದರೆ ನಡುವಿನ ಚುಕ್ಕೆಯೊಂದಿಗೆ ಉಂಗುರಗಳೂ ಒಟ್ಟಾಗಿ ಪಕ್ಕಕ್ಕೆ ಸರಿದವು. ಅಂದರೆ ಪೊರೆಯನ್ನು ದಾಟಿದ ಮೇಲೂ ಉಂಗುರದ ಕಡೆಗೆ ಓಡುತ್ತಿದ್ದುದು ಇಲೆಕ್ಟ್ರಾನುಗಳೇ. ಅಯಸ್ಕಾಂತಕ್ಕೆ ಕಣದಂತೆ ಬಾಗಿ, ಹರಳಿಗೆ ಅಲೆಯಂತೆ ಹರಡಿ, ಎರಡನ್ನೂ ಒಂದೇ ಫಲಕದ ಮೇಲೆ ಅವು ತೋರಿಸಿದವು. ಜೊತೆಗೆ ವೋಲ್ಟೇಜು ಬದಲಿಸಿ ಬದಲಿಸಿ ಅಳೆದಾಗ, ಉಂಗುರದ ವ್ಯಾಸವನ್ನು ವೋಲ್ಟೇಜಿನ ವರ್ಗಮೂಲದಿಂದ ಗುಣಿಸಿದರೆ, ಸಾಪೇಕ್ಷತೆಯ ಸಣ್ಣ ತಿದ್ದುಪಡಿಯೊಂದಿಗೆ, ಹೆಚ್ಚುಕಡಿಮೆ ಒಂದೇ ಸಂಖ್ಯೆ ಬರುತ್ತಿತ್ತು. λ = 1.227 / √V ಎಂಬ ಸೂತ್ರ ಹೇಳುವುದೂ ಅದನ್ನೇ. ನಮ್ಮ ಕೊಳವೆಯಲ್ಲಿ ವೋಲ್ಟೇಜನ್ನು 2500ಕ್ಕೆ ಇಳಿಸಿದರೆ ಒಳ ಉಂಗುರ 11.0ರಿಂದ 15.6 ಮಿಲಿಮೀಟರಿಗೆ ಉಬ್ಬುತ್ತದೆ. ವೋಲ್ಟೇಜು ಅರ್ಧವಾದಾಗ ತ್ರಿಜ್ಯ ಇಮ್ಮಡಿಯಾಗುವುದಿಲ್ಲ, 1.41 ಪಟ್ಟು ಆಗುತ್ತದೆ.

ಥಾಮ್ಸನ್‌ರ ಚಿನ್ನದ ಉಂಗುರಕ್ಕೂ ಲೆಕ್ಕ ಹಾಕಿ ನೋಡಬಹುದು. 30,000 ವೋಲ್ಟು, ಪೊರೆಯಿಂದ ಫಲಕಕ್ಕೆ 32.5 ಸೆಂಟಿಮೀಟರು ಎಂದಿಟ್ಟುಕೊಳ್ಳಿ. ತಿದ್ದುಪಡಿ ಸೇರಿಸಿದ ತರಂಗದೂರ 0.00698 ನ್ಯಾನೊಮೀಟರು. ಚಿನ್ನದ ಮೊದಲ ಉಂಗುರಕ್ಕೆ d = 0.2355. ತ್ರಿಜ್ಯ 9.6 ಮಿಲಿಮೀಟರು. ಇಂಥ ಲೆಕ್ಕಕ್ಕೂ ಅವರ ಫಲಕಗಳ ಅಳತೆಗೂ ಇದ್ದ ವ್ಯತ್ಯಾಸ ಕೆಲವೇ ಶೇಕಡಾ. ಪೊರೆ ದಪ್ಪವಾಗಿದ್ದರೆ ಇದು ಸಾಧ್ಯವಾಗುತ್ತಿರಲಿಲ್ಲ. ದಪ್ಪ ಹಾಳೆಯೊಳಗೆ ಇಲೆಕ್ಟ್ರಾನು ಮತ್ತೆ ಮತ್ತೆ ಚದುರಿ ಉಂಗುರ ಮಬ್ಬಿನಲ್ಲಿ ಮುಳುಗುತ್ತದೆ. ಅದಕ್ಕೇ ಅತಿ ತೆಳುವಾದ ಪೊರೆಗಳು ಬೇಕಾದವು. ಅದೇ ವರ್ಷ ಅಮೆರಿಕದಲ್ಲಿ ಡೇವಿಸನ್ ಮತ್ತು ಜರ್ಮರ್ ನಿಕಲ್ ಹರಳಿನ ಮೇಲ್ಮೈಯಿಂದ 54 ವೋಲ್ಟಿನ ನಿಧಾನದ ಇಲೆಕ್ಟ್ರಾನುಗಳನ್ನು ಮರಳಿಸಿ ಇದೇ ತೀರ್ಮಾನಕ್ಕೆ ಬಂದಿದ್ದರು. 1937ರ ನೊಬೆಲ್ ಬಹುಮಾನವನ್ನು ಡೇವಿಸನ್ ಮತ್ತು ಥಾಮ್ಸನ್ ಹಂಚಿಕೊಂಡರು.

ಹಾನಗಲ್ಲಿನ ಪತ್ರ ಹತ್ತನೆಯ ತರಗತಿಯ ಹುಡುಗನದು. ಅವರ ಮನೆಯ ಅಟ್ಟದ ಮೇಲೆ ದಪ್ಪ ಬೆನ್ನಿನ ಹಳೆಯ ಬಣ್ಣದ ಟಿವಿ ಇದೆಯಂತೆ. ಅದರಲ್ಲೂ ಇಲೆಕ್ಟ್ರಾನುಗಳೇ ಪರದೆಗೆ ಬಡಿಯುತ್ತಿದ್ದವಲ್ಲ, ಅಜ್ಜ ನೋಡುತ್ತಿದ್ದ ವಾರ್ತೆಯ ಸುತ್ತ ಉಂಗುರಗಳು ಏಕೆ ಕಾಣಲಿಲ್ಲ ಎಂಬುದು ಅವನ ಪ್ರಶ್ನೆ. ಟಿವಿಯವನಾಗಿ ನಾನೇ ಎಂದೋ ಕೇಳಿಕೊಳ್ಳಬೇಕಾಗಿದ್ದ ಪ್ರಶ್ನೆ ಇದು.

ಆ ಕೊಳವೆಗಳಲ್ಲಿ ವೋಲ್ಟೇಜು ಸುಮಾರು 20,000, ತರಂಗದೂರ 0.0086 ನ್ಯಾನೊಮೀಟರು. ದಾರಿಯಲ್ಲಿ ತೆಳು ಹರಳಿನ ಪೊರೆ ಯಾವುದೂ ಇರಲಿಲ್ಲ. ಇದ್ದದ್ದು ಪರದೆಯ ಹಿಂದೆ ಒಂದು ಸೆಂಟಿಮೀಟರಿನಷ್ಟು ಹತ್ತಿರದಲ್ಲಿ, ಸಾವಿರಾರು ಸಣ್ಣ ತೂತುಗಳ ಒಂದು ಲೋಹದ ತಗಡು. ತೂತು ಮಿಲಿಮೀಟರಿನ ಕಾಲು ಭಾಗ ಎಂದು ಹಿಡಿಯಿರಿ. ಅದೇ ಸೂತ್ರದಲ್ಲಿ d ಯ ಜಾಗಕ್ಕೆ ತೂತಿನ ಅಗಲವನ್ನು, L ಜಾಗಕ್ಕೆ ಒಂದು ಸೆಂಟಿಮೀಟರನ್ನು ಹಾಕಿದರೆ ಅಲೆಯ ಹರಡುವಿಕೆ ಸುಮಾರು 0.34 ನ್ಯಾನೊಮೀಟರು ಬರುತ್ತದೆ. ಅಂದರೆ ವಿವರ್ತನೆ ಅಲ್ಲೂ ನಡೆಯುತ್ತಲೇ ಇತ್ತು, ಆದರೆ ಚಿತ್ರದ ಚುಕ್ಕೆಯನ್ನು ಒಂದೆರಡು ಪರಮಾಣುಗಳ ಅಗಲದಷ್ಟು ಮಾತ್ರ ಮಸುಕು ಮಾಡುತ್ತಿತ್ತು.

ರೇಖಾಚಿತ್ರವನ್ನು ತಿದ್ದಿದ್ದೇವೆ. ಕಾರ್ಯಕ್ರಮ ಮರುಪ್ರಸಾರವಾಗುವಾಗ ಒಳ ಉಂಗುರದ ಪಕ್ಕದಲ್ಲಿ 11 ಮಿಲಿಮೀಟರು ಎಂದೂ, ಕೋನದ ಪಕ್ಕದಲ್ಲಿ 2θ ಎಂದೂ ಇರುತ್ತದೆ. ಹೊರ ಉಂಗುರದ ಪಕ್ಕದಲ್ಲಿ ಏನನ್ನೂ ಬರೆದಿಲ್ಲ. ಅಳತೆಪಟ್ಟಿ ದೃಶ್ಯದಲ್ಲಿ ಇದೆ.